ಗೆದ್ದ ಷೇರುಗಳ ಬೆನ್ನು ಹತ್ತಿ

ಕಳೆದ ವಾರ ನಮ್ಮ ಕಾಲೇಜಿನ ಗಣಿತದ ಮೇಷ್ಟ್ರು ಒಂದು ಜಾಹೀರಾತಿನ ಹಾಳೆಯನ್ನು ನನ್ನ ಮುಂದೆ ಹರಡಿದರು. 2005ರಿಂದ ಹೊರಟ ಎರಡು ಗೆರೆಗಳು. ಒಂದು ಸಾಧಾರಣ ನಿಫ್ಟಿ. ಇನ್ನೊಂದು ಅದನ್ನು ಬಹುದೂರ ಕೆಳಗೆ ಬಿಟ್ಟು ಮೇಲೇರಿದ 'ಮೊಮೆಂಟಮ್' ಸೂಚ್ಯಂಕ. "ಮಗಳ ಓದಿಗೆಂದು ಕೂಡಿಟ್ಟ ಹಣವಿದೆ. ಇನ್ನು ಮೂರು ವರ್ಷಕ್ಕೆ ಬೇಕು. ಎಲ್ಲವನ್ನೂ ಇದರಲ್ಲಿ ತೊಡಗಿಸಿದರೆ ಹೇಗೆ, ಸ್ವಾಮಿ?" ಎಂದರು. ಹಳಗನ್ನಡ ಪಾಠ ಮಾಡುವವನನ್ನು ಗಣಿತದವರು ಲೆಕ್ಕ ಕೇಳುವುದು ವಿಚಿತ್ರವೇ. ಆದರೆ ನಾನು ಈ ಪೇಟೆಯಲ್ಲಿ ಕೈಸುಟ್ಟುಕೊಂಡವನೆಂಬುದು ಅವರಿಗೆ ಗೊತ್ತು.

ಇದು ಷೇರುಗಳನ್ನು ಯಾರೊಬ್ಬರ ಅಭಿಪ್ರಾಯದಿಂದಲ್ಲದೆ, ಒಂದು ಗುಣಲಕ್ಷಣವನ್ನು ಹಿಡಿದು ನಿಯಮದಂತೆ ಆಯುವ ಪದ್ಧತಿ. ಆ ಲಕ್ಷಣಕ್ಕೆ 'ಫ್ಯಾಕ್ಟರ್' ಎಂದು ಹೆಸರು. ಸಾಲ ಕಡಮೆಯಿದ್ದು, ಬಂಡವಾಳದ ಮೇಲೆ ಒಳ್ಳೆಯ ಲಾಭವನ್ನು ಏರಿಳಿತವಿಲ್ಲದೆ ಗಳಿಸುವ ಕಂಪನಿಗಳನ್ನು ಆಯ್ದರೆ ಅದು 'ಕ್ವಾಲಿಟಿ'. ಬೆಲೆ ಹೆಚ್ಚು ತುಯ್ದಾಡದ ಷೇರುಗಳನ್ನು ಆಯ್ದರೆ 'ಲೋ ವೊಲಟಿಲಿಟಿ'. ಈಚೆಗೆ ಏರಿದವನ್ನೇ ಆಯ್ದರೆ ಮೊಮೆಂಟಮ್.

ನಮ್ಮ ದೇಶದ 'ನಿಫ್ಟಿ 200 ಮೊಮೆಂಟಮ್ 30' ಸೂಚ್ಯಂಕವನ್ನೇ ನೋಡಿ. ಇನ್ನೂರು ದೊಡ್ಡ ಕಂಪನಿಗಳ ಕಳೆದ ಆರು ತಿಂಗಳ ಹಾಗೂ ಹನ್ನೆರಡು ತಿಂಗಳ ಬೆಲೆಯೇರಿಕೆಯನ್ನು ತೆಗೆದುಕೊಂಡು, ಅದನ್ನು ಆ ಷೇರಿನ ದೈನಂದಿನ ತುಯ್ದಾಟಕ್ಕೆ ಹೋಲಿಸಿ ಅಂಕ ಕೊಡುತ್ತಾರೆ. ಎರಡು ಷೇರುಗಳು ವರ್ಷದಲ್ಲಿ ಶೇಕಡ 40ರಷ್ಟು ಏರಿದ್ದರೆ, ಮೆಟ್ಟಿಲು ಹತ್ತಿದಂತೆ ಏರಿದುದಕ್ಕೆ ಹೆಚ್ಚು ಅಂಕ. ಕುಣಿಯುತ್ತ ಏರಿದುದಕ್ಕೆ ಕಡಮೆ. ಅಂಕದಲ್ಲಿ ಮುಂದಿರುವ ಮೂವತ್ತು ಒಳಗೆ. ಜೂನ್ ಮತ್ತು ಡಿಸೆಂಬರಿನಲ್ಲಿ ಪಟ್ಟಿಯ ಪರಿಷ್ಕರಣ.

ಏರಿದ್ದು ಮತ್ತೆ ಏಕೆ ಏರಬೇಕು? 1993ರಲ್ಲಿ ಜೆಗದೀಶ್ ಮತ್ತು ಟಿಟ್ಮನ್ ಎಂಬ ವಿದ್ವಾಂಸರು ಅಮೆರಿಕದ ಷೇರುಗಳನ್ನು ಪರಿಶೀಲಿಸಿ, ಆರು ತಿಂಗಳು ಗೆದ್ದವು ಮುಂದಿನ ಕೆಲವು ತಿಂಗಳೂ ಸೋತವುಗಳಿಗಿಂತ ಮುಂದೆಯೇ ಇರುತ್ತವೆಂದು ತೋರಿಸಿದರು. ಶುಭವಾರ್ತೆ ಬೆಲೆಯೊಳಗೆ ಒಮ್ಮೆಗೇ ಇಳಿಯದೆ ಮೆಲ್ಲಮೆಲ್ಲನೆ ಇಳಿಯುತ್ತದೆ, ಅನಂತರ ಜನ ಒಬ್ಬರನ್ನೊಬ್ಬರು ನೋಡಿ ನುಗ್ಗುತ್ತಾರೆ ಎಂಬುದು ಒಂದು ವಿವರಣೆ. ಕಾರಣದ ಬಗ್ಗೆ ಪಂಡಿತರಲ್ಲಿ ಇಂದಿಗೂ ಒಮ್ಮತವಿಲ್ಲ.

ಈ ವಿದ್ಯೆ ಕೈಕೊಡುವುದು ಪೇಟೆ ಥಟ್ಟನೆ ದಿಕ್ಕು ಬದಲಿಸಿದಾಗ. 2008ರ ಮಹಾಪತನದ ಅನಂತರ ಅಮೆರಿಕದಲ್ಲಿ ಗೆದ್ದವರ ಸಾಲಿನಲ್ಲಿ ಉಳಿದಿದ್ದವು ಸಾಧುಸ್ವಭಾವದ ಷೇರುಗಳು. ಸೋತವರ ಸಾಲಿನಲ್ಲಿ ಬದುಕುವುದೇ ಸಂದೇಹವಾಗಿದ್ದ ಕಂಪನಿಗಳು. 2009ರ ಮಾರ್ಚಿನಲ್ಲಿ ಪೇಟೆ ತಿರುಗಿತು. ಡೇನಿಯಲ್ ಮತ್ತು ಮೋಸ್ಕೊವಿಟ್ಜ್ ಅವರ ಲೆಕ್ಕದಂತೆ, ಮೇ ತಿಂಗಳ ಹೊತ್ತಿಗೆ ಅತ್ಯಂತ ಸೋತ ಹತ್ತನೆಯ ಒಂದು ಭಾಗ ಶೇಕಡ 163ರಷ್ಟು ಏರಿತು. ಗೆದ್ದ ಹತ್ತನೆಯ ಒಂದು ಭಾಗ ಏರಿದ್ದು ಶೇಕಡ 8 ಮಾತ್ರ! ಇದು ಪವಾಡವಲ್ಲ. ನೂರು ರೂಪಾಯಿಯ ಷೇರು ಹತ್ತಕ್ಕೆ ಕುಸಿದು ಇಪ್ಪತ್ತೈದಕ್ಕೆ ಮರಳಿದರೆ ಹಳೆಯ ಒಡೆಯನಿಗೆ ಇನ್ನೂ ಮುಕ್ಕಾಲು ನಷ್ಟವೇ. ಹತ್ತಕ್ಕೆ ಕೊಂಡವನಿಗೆ ಶೇಕಡ 150 ಲಾಭ. ಗೆದ್ದುದನ್ನು ಕೊಂಡು, ಸೋತದ್ದನ್ನು ಎರವಲು ತಂದು ಮಾರಿದವರು ಆ ಮೂರು ತಿಂಗಳಲ್ಲಿ ಮುಳುಗಿದರು. ಎರವಲಿನ ಗೊಡವೆಯಿಲ್ಲದ ನಮ್ಮ ಫಂಡುಗಳಿಗೆ ಆ ಪೆಟ್ಟು ಬೀಳದು. ಆದರೆ ಚೇತರಿಕೆಯ ಮೊದಲ ಹಬ್ಬದಲ್ಲಿ ಅವು ಹೊರಗೆ ನಿಂತಿರುತ್ತವೆ.

ಇಳಿಯುವ ಕಾಲದಲ್ಲಿ ತೊಂದರೆ ಬೇರೆ ಬಗೆಯದು. 2024ರ ಸೆಪ್ಟೆಂಬರ್ ಕೊನೆಯಲ್ಲಿ ನಿಫ್ಟಿ ಶಿಖರ ಮುಟ್ಟಿ ಇಳಿಯತೊಡಗಿತು. ಹಿಂದಿನ ಏರಿಕೆಯ ನಾಯಕರೇ ತುಂಬಿದ್ದ ಮೊಮೆಂಟಮ್ ಪಟ್ಟಿ ಡಿಸೆಂಬರಿನವರೆಗೆ ಕದಲುವಂತಿರಲಿಲ್ಲ. 2025ರ ಮಾರ್ಚ್ ಆರಂಭದ ಹೊತ್ತಿಗೆ ಅದು ನಿಫ್ಟಿ 50ಕ್ಕಿಂತ ಬಹಳ ಹೆಚ್ಚು ಕುಸಿದಿತ್ತು. ಲೋ ವೊಲಟಿಲಿಟಿಯ ಸ್ವಭಾವ ಇದಕ್ಕೆ ವಿರುದ್ಧ: ಭರಾಟೆಯ ವರ್ಷಗಳಲ್ಲಿ ಹಿಂದೆ ಬಿದ್ದು, ಕೊಂಡವರ ತಾಳ್ಮೆಯನ್ನು ಕೆಡಿಸುತ್ತದೆ. ಕ್ವಾಲಿಟಿಗಾದರೋ, ಒಳ್ಳೆಯ ಕಂಪನಿಗೆ ಅತಿಯಾದ ಬೆಲೆ ತೆತ್ತುದೇ ಮುಳುವಾಗುತ್ತದೆ.

ಇನ್ನು ಆ ಹಾಳೆಯ ಗೆರೆ. ಸೂಚ್ಯಂಕ ಜನ್ಮತಾಳಿದ್ದು 2020ರ ಆಗಸ್ಟಿನಲ್ಲಿ. ಗೆರೆ ಹೊರಡುವುದು 2005ರ ಏಪ್ರಿಲಿನಿಂದ. ನಡುವಣ ಹದಿನೈದು ವರ್ಷ ಯಾರೂ ಒಂದು ರೂಪಾಯಿಯನ್ನೂ ಅದರಲ್ಲಿ ಹಾಕಿರಲಿಲ್ಲ. ಅದು ನಿಯಮವನ್ನು ಹಿಂದಿನ ಬೆಲೆಗಳ ಮೇಲೆ ಓಡಿಸಿ ಬರೆದ ಲೆಕ್ಕ. ಇಂಥ 97 ಲಕ್ಷಣಗಳನ್ನು ಪರೀಕ್ಷಿಸಿದ ಮೆಕ್ಲೀನ್ ಮತ್ತು ಪಾಂಟಿಫ್, ಅವು ಪ್ರಕಟವಾದ ಮೇಲೆ ಲಾಭ ಸರಾಸರಿ ಶೇಕಡ 58ರಷ್ಟು ಕುಗ್ಗಿತೆಂದು 2016ರಲ್ಲಿ ಬರೆದರು. ಗುಟ್ಟು ರಟ್ಟಾದರೆ ಎಲ್ಲರೂ ಅದೇ ಷೇರಿಗೆ ಕೈಚಾಚುತ್ತಾರಲ್ಲವೇ?

ಮೇಷ್ಟ್ರು ಪೆನ್ಸಿಲ್ ತೆಗೆದು 2020ರ ಬಳಿ ಉದ್ದಕ್ಕೊಂದು ಗೆರೆ ಎಳೆದರು. ಅದರ ಎಡಭಾಗವನ್ನು ಅಂಗೈಯಿಂದ ಮುಚ್ಚಿ, ಉಳಿದ ತುಂಡನ್ನು ಬಹಳ ಹೊತ್ತು ನೋಡಿದರು. "ಮೂರು ವರ್ಷದ ಹಣ ಬ್ಯಾಂಕಿನಲ್ಲೇ ಇರಲಿ. ನನ್ನ ನಿವೃತ್ತಿಗೆ ಇನ್ನೂ ಹದಿನಾಲ್ಕು ವರ್ಷವಿದೆ, ಆ ಹಣದಲ್ಲಿ ಸ್ವಲ್ಪ ನೋಡೋಣ" ಎಂದು ಹಾಳೆಯನ್ನು ಮಡಿಸಿ ಹಾಜರಿ ಪುಸ್ತಕದೊಳಗೆ ಇಟ್ಟರು. ಅಷ್ಟರಲ್ಲಿ ಗಂಟೆ ಹೊಡೆಯಿತು.