ಸೆರಗಿನ ಬಗ್ಗೆ ನೀವು ಹೇಳಿದ್ದು ಸರಿ

ಹೀಗೊಂದು ಪ್ರಸಂಗ ಇಟ್ಟುಕೊಳ್ಳೋಣ. ಹುಬ್ಬಳ್ಳಿಯ ಒಬ್ಬ ಹೆಣ್ಣುಮಗಳು ನೇಕಾರರಿಂದ ಇಳಕಲ್ ಸೀರೆ ತಂದು ವಾಟ್ಸಾಪ್‌ನಲ್ಲಿ ಮಾರುತ್ತಾಳೆ. ಒಂದು ಸೀರೆಯ ಫೋಟೋ ಕೆಳಗೆ ಅವಳು ಬರೆದದ್ದು ಇಷ್ಟು: ‘ಇಳಕಲ್ ಸೀರೆ, ಹತ್ತಿ ಒಡಲು, ರೇಷ್ಮೆ ಸೆರಗು, ಗಿಳಿಹಸಿರು, ₹3,200, ಕೊರಿಯರ್ ₹100.’ ಬೆಂಗಳೂರಿನ ಒಬ್ಬರು ಕೊಂಡರು. ಸೀರೆ ತಲುಪಿದ ಸಂಜೆಯೇ ಮೆಸೇಜು ಬಂತು: ‘ಇದು ರೇಷ್ಮೆ ಅಲ್ಲ. ಬಣ್ಣವೂ ಫೋಟೋದಲ್ಲಿದ್ದದ್ದಲ್ಲ. ಸಾಲದ್ದಕ್ಕೆ ಸೆರಗು ಶುರುವಾಗುವಲ್ಲಿ ಉದ್ದಕ್ಕೂ ಗಂಟುಗಂಟು, ಹರಿದದ್ದನ್ನು ಜೋಡಿಸಿ ಕಳಿಸಿದ್ದೀರಾ?’

ಇಂಥ ಮೆಸೇಜು ಓದಿದಾಗ ಮಾರುವವರ ಕೈ ಮೊದಲು ಹೋಗುವುದು ಗಂಟಿನ ಮಾತಿನ ಕಡೆಗೆ. ಏಕೆಂದರೆ ಗಿರಾಕಿ ಅಲ್ಲಿ ತಪ್ಪಿದ್ದಾರೆ. ‘ಇಳಕಲ್ ಸೀರೆ ಅಂದರೇನು ಅಂತಲೇ ನಿಮಗೆ ಗೊತ್ತಿಲ್ಲ’ ಎಂದು ಶುರುಮಾಡಿದರೆ ಮುಗಿಯಿತು, ಮುಂದಿನದು ಜಗಳವೇ. ಈ ದೂರಿನೊಳಗೆ ಮೂರು ದೂರುಗಳಿವೆ. ಒಂದೊಂದಕ್ಕೂ ಬೇರೆ ಉತ್ತರ ಬೇಕು, ಒಂದರ ಉತ್ತರವನ್ನು ಇನ್ನೊಂದಕ್ಕೆ ಗುರಾಣಿಯಾಗಿ ಹಿಡಿಯುವಂತಿಲ್ಲ.

ಗಂಟೆಂದು ಕಂಡದ್ದು ಕೊಂಡಿ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಹಾಸು ಬೇರೆ ಬೇರೆ. ಒಡಲಿನ ಹಾಸಿನ ಒಂದೊಂದು ಎಳೆಯನ್ನೂ ಸೆರಗಿನ ಹಾಸಿನ ಎಳೆಯ ಕುಣಿಕೆಯೊಳಗೆ ಸಿಕ್ಕಿಸಿ, ಆಮೇಲೆ ಸೆರಗು ನೇಯುತ್ತಾರೆ. ಹಾಗೆ ಕೂಡಿದ ಜಾಗದಲ್ಲಿ ಅಡ್ಡಕ್ಕೆ ಒಂದು ಸಣ್ಣ ಗೆರೆ ಉಳಿಯುತ್ತದೆ, ಬೆರಳಾಡಿಸಿದರೆ ತಾಕುತ್ತದೆ. ಹೊಲಿಗೆಯಾದರೆ ದಾರ ಮೇಲೆ ಬೇರೆಯಾಗಿ ಓಡಿರುತ್ತದೆ, ಬಟ್ಟೆ ಮಡಚಿದ ಅಂಚು ಒಳಗಡೆ ಕಾಣುತ್ತದೆ. ಕೊಂಡಿಯಲ್ಲಿ ಇವೆರಡೂ ಇರುವುದಿಲ್ಲ. ಸೀರೆ ಇಳಕಲ್ಲಿನದು ಎಂದು ಗುರುತಿಸುವವರು ನೋಡುವುದೇ ಆ ಗೆರೆಯನ್ನು. ಆದರೂ ಫೋಟೋ ಕೆಳಗೆ ಅದನ್ನು ಒಂದು ಸಾಲಿನಲ್ಲಿ ಹೇಳಿರಲಿಲ್ಲ, ಮೊದಲ ಸಲ ಉಡುವವರಿಗೆ ಅದು ಗೊತ್ತಿರಬೇಕೆಂದೇನೂ ಇಲ್ಲ.

ಬಣ್ಣದ್ದು ಅರ್ಧ ಸರಿ. ರಾತ್ರಿ ಹಳದಿ ಬಲ್ಬಿನ ಕೆಳಗೆ ತೆಗೆದ ಫೋಟೋದಲ್ಲಿ ಹಸಿರು ಬೆಚ್ಚಗಾಗಿ ಗಿಳಿಹಸಿರಾಗಿ ಕಾಣುತ್ತದೆ, ಹಗಲಿನ ಬೆಳಕಿನಲ್ಲಿ ಅದೇ ಸೀರೆ ಗಾಢ ಹಸಿರು. ಸೀರೆ ಬದಲಾಗಿಲ್ಲ, ಹೌದು. ಆದರೆ ‘ಗಿಳಿಹಸಿರು’ ಎಂದು ಬರೆದವಳು ಇವಳೇ, ಕ್ಯಾಮೆರಾ ಅಲ್ಲ.

ಉಳಿದದ್ದು ಸೆರಗು. ವ್ಯಾಪಾರ ನಿಂತಿರುವುದೇ ಅದರ ಮೇಲೆ.

ಇಳಕಲ್ ಸೀರೆಯಲ್ಲಿ ರೇಷ್ಮೆಯ ಜಾಗದಲ್ಲಿ ಕೃತಕ ರೇಷ್ಮೆಯನ್ನೂ ಬಳಸುತ್ತಾರೆ. ಅಲ್ಲಿಯವರು ಅದನ್ನು ಚಮಕಾ ಎನ್ನುತ್ತಾರೆ. ಅದು ರೇಯಾನ್, ಮರದ ತಿರುಳಿನಂಥ ಸಸ್ಯಮೂಲದಿಂದ ಮಾಡಿದ ನೂಲು. ಮೋಸದ ಮಾಲಲ್ಲ, ಚಮಕಾ ಎಂದು ಹೇಳಿ ಮಾರಿದರೆ ಒಳ್ಳೆಯ ಸೀರೆಯೇ. ಫೋಟೋದಲ್ಲಿ ಎರಡನ್ನೂ ಬೇರೆ ಮಾಡುವುದು ಕಷ್ಟ, ಎರಡಕ್ಕೂ ಹೊಳಪಿದೆ. ಬೇರೆ ಮಾಡುವುದು ಬೆಂಕಿ. ಸೆರಗಿನ ತುದಿಯ ಕುಚ್ಚಿನಿಂದ ಎರಡು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಬೇಕು. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ನಿಧಾನ ಉರಿಯುತ್ತದೆ, ಕೊನೆಗೆ ಕಪ್ಪು ಉಂಡೆಯಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ರೇಯಾನ್ ಕಾಗದದಂತೆ ಭಗ್ಗನೆ ಉರಿದು ಹಗುರ ಬೂದಿ ಬಿಡುತ್ತದೆ, ವಾಸನೆಯೂ ಸುಟ್ಟ ಕಾಗದದ್ದೇ. ಕರಗಿ ಗಟ್ಟಿ ಮಣಿಯಾಗಿ ನಿಂತರೆ ಅದು ಪಾಲಿಯೆಸ್ಟರ್. ಹತ್ತಿಯೂ ಕಾಗದದ ಹಾಗೇ ಉರಿಯುವುದರಿಂದ ರೇಷ್ಮೆಯೋ ಅಲ್ಲವೋ ಎಂಬುದಕ್ಕಷ್ಟೇ ಈ ಪರೀಕ್ಷೆ ಸಾಕು.

ಈ ಪರೀಕ್ಷೆಯನ್ನು ಗಿರಾಕಿಯ ಕೈಯಲ್ಲಿ ಮಾಡಿಸಬಾರದು. ಸೀರೆಗೆ ಕಿಡಿ ತಾಗಿದರೆ ಯಾರ ಲೆಕ್ಕಕ್ಕೆ? ಅವಳು ತನ್ನ ಬಳಿ ಉಳಿದಿದ್ದ ಅದೇ ಗಂಟಿನ ಸೀರೆಯಿಂದ ಎಳೆ ಕಿತ್ತು ಸುಟ್ಟಳು. ಕಾಗದದ ವಾಸನೆ ಬಂತು. ನೇಕಾರರಿಗೆ ಫೋನು ಮಾಡಿದಾಗ ವಿಷಯ ತಿಳಿಯಿತು: ರೇಷ್ಮೆ ಸೆರಗಿನವೂ ಚಮಕಾ ಸೆರಗಿನವೂ ಎರಡು ಗಂಟು ಬಂದಿದ್ದವು, ಇವಳು ಎರಡಕ್ಕೂ ಒಂದೇ ಬರಹ ಹಾಕಿದ್ದಳು.

ಕಾನೂನು ಇಲ್ಲಿ ಗೊಂದಲ ಉಳಿಸಿಲ್ಲ. ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ಹೊಂದಬೇಕು ಎಂಬುದು 1930ರ ಸರಕು ಮಾರಾಟ ಕಾಯ್ದೆಯಲ್ಲೇ ಇದೆ. ಫೋನು, ಇಂಟರ್ನೆಟ್ಟಿನ ಮೂಲಕ ನಿಯಮಿತವಾಗಿ ವ್ಯಾಪಾರ ಮಾಡುವವರಿಗೆ 2020ರ ಇ-ಕಾಮರ್ಸ್ ನಿಯಮಗಳಿವೆ. ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಸರಕನ್ನು ವಾಪಸ್ ಪಡೆಯುವುದಿಲ್ಲ, ಹಣ ಕೊಡುವುದಿಲ್ಲ ಎಂದು ಮಾರಿದವರು ಹೇಳುವಂತಿಲ್ಲ. ಬಿಲ್ಲಿನ ಕೆಳಗೆ ‘ಒಮ್ಮೆ ಮಾರಿದ ಮಾಲು ಹಿಂಪಡೆಯಲಾಗದು’ ಎಂದು ಅಚ್ಚು ಹಾಕಿಸಿದರೂ ಈ ಜಾಗದಲ್ಲಿ ಅದು ನಿಲ್ಲದು. ದೂರು ತಲುಪಿತು ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂದೂ ಆ ನಿಯಮಗಳು ಹೇಳುತ್ತವೆ. ಅದರ ಮೇಲೂ ಕೇಳದವರ ವಿರುದ್ಧ ಗಿರಾಕಿ ಕರೆ ಮಾಡುವ ಸಂಖ್ಯೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಅವಳು ಅದೇ ರಾತ್ರಿ ‘ನಿಮ್ಮ ಮೆಸೇಜು ನೋಡಿದೆ ಮೇಡಂ, ಮಾಲು ಪರೀಕ್ಷಿಸಿ ನಾಳೆ ಸಂಜೆಯೊಳಗೆ ಹೇಳುತ್ತೇನೆ’ ಎಂದಷ್ಟೇ ಬರೆದಳು. ಮರುದಿನ ಕಳಿಸಿದ ಉತ್ತರ ಇದು:

‘ನಮಸ್ಕಾರ ಮೇಡಂ. ಸೆರಗಿನ ಬಗ್ಗೆ ನೀವು ಹೇಳಿದ್ದು ಸರಿ. ಅದು ರೇಷ್ಮೆಯಲ್ಲ, ಚಮಕಾ, ಅಂದರೆ ಕೃತಕ ರೇಷ್ಮೆ. ಎರಡು ಗಂಟಿನ ಸೀರೆಗೂ ನಾನು ಒಂದೇ ವಿವರಣೆ ಹಾಕಿಬಿಟ್ಟೆ. ತಪ್ಪು ನನ್ನದು, ಕ್ಷಮಿಸಿ. ಬಣ್ಣವನ್ನೂ ಬಲ್ಬಿನ ಬೆಳಕಿನಲ್ಲಿ ನೋಡಿ ಬರೆದಿದ್ದೆ, ಹಗಲಲ್ಲಿ ತೆಗೆದ ಫೋಟೋ ಜೊತೆಗಿದೆ. ಸೆರಗು ಶುರುವಾಗುವಲ್ಲಿ ಕಾಣುವುದು ಮಾತ್ರ ಹರಿದ ಜೋಡಣೆಯಲ್ಲ, ಅದು ಕೊಂಡಿ, ಇಳಕಲ್ ಸೀರೆಯನ್ನು ನೇಯುವ ರೀತಿಯೇ ಹಾಗೆ. ಅದನ್ನು ನಾನು ಮೊದಲೇ ತಿಳಿಸಬೇಕಿತ್ತು. ಸೀರೆ ಬೇಡವೆಂದರೆ ಕೊರಿಯರಿನವರನ್ನು ನಾನೇ ಕಳಿಸುತ್ತೇನೆ, ಅದರ ಖರ್ಚು ನನ್ನದು. ಅವರು ಸೀರೆ ಪಡೆದ ದಿನವೇ ನಿಮ್ಮ ₹3,300 ಪೂರ್ತಿ ಹಾಕುತ್ತೇನೆ. ಇಟ್ಟುಕೊಳ್ಳುವುದಾದರೆ, ಚಮಕಾ ಸೆರಗಿನ ಸೀರೆಯನ್ನು ನಾನು ಮಾರುವುದು ₹1,900ಕ್ಕೆ. ಹೆಚ್ಚು ಪಡೆದ ₹1,300 ಇವತ್ತೇ ಕಳಿಸುತ್ತೇನೆ. ಯಾವುದಾದರೂ ಸರಿ, ನೀವು ಹೇಳಿದಂತೆ.’

ಇದರಲ್ಲಿ ನನಗೆ ಹಿಡಿಸುವುದು ಎರಡು ಸಂಗತಿ. ₹3,300ರಲ್ಲಿ ಹೋಗುವಾಗಿನ ಕೊರಿಯರಿನ ₹100 ಸೇರಿದೆ. ಬಹಳ ಜನ ಅದನ್ನು ಹಿಡಿದುಕೊಂಡು ‘ಪೂರ್ತಿ ವಾಪಸ್’ ಎನ್ನುತ್ತಾರೆ. ಇನ್ನೊಂದು, ₹1,300 ಎಂಬುದು ಬಾಯಿಗೆ ಬಂದ ರಿಯಾಯಿತಿಯಲ್ಲ, ಅವಳದೇ ಎರಡು ದರಗಳ ನಡುವಿನ ವ್ಯತ್ಯಾಸ. ‘₹300 ಬಿಡುತ್ತೇನೆ, ಇಟ್ಟುಕೊಳ್ಳಿ’ ಎಂದಿದ್ದರೆ ಅದು ಚಮಕಾವನ್ನು ₹2,900ಕ್ಕೆ ಮಾರಿದ ಹಾಗೆ.

ಬಣ್ಣದ್ದೊಂದೇ ದೂರಾಗಿದ್ದರೆ? ಪರದೆಯಲ್ಲಿ ತುಸು ಏರುಪೇರು ಎಲ್ಲರಿಗೂ ಗೊತ್ತಿರುವುದೇ. ಹಗಲಿನ ಫೋಟೋ ಕಳಿಸಿ, ಒಪ್ಪದಿದ್ದರೆ ವಾಪಸ್ ಪಡೆಯುವುದು, ಕೊರಿಯರ್ ಖರ್ಚು ಹಂಚಿಕೊಳ್ಳುವುದು ನ್ಯಾಯ ಎನಿಸಬಹುದು. ಇಲ್ಲಿ ಹೆಸರೇ ತಪ್ಪಾಗಿ ಬರೆದಿದ್ದರಿಂದ ಆ ಹಂಚಿಕೆಗೂ ಜಾಗವಿಲ್ಲ. ಕೊಂಡಿಯೊಂದೇ ಆಗಿದ್ದರೆ ವಿವರಿಸಿದರೆ ಸಾಕಿತ್ತು.

ಬೆಂಗಳೂರಿನವರು ಸೀರೆ ಇಟ್ಟುಕೊಂಡರು, ₹1,300 ಹೋಯಿತು. ಫೋಟೋ ಕೆಳಗಿನ ಸಾಲು ಈಗ ಹೀಗಿದೆ: ‘ಹತ್ತಿ ಒಡಲು, ಚಮಕಾ ಸೆರಗು, ಗಾಢ ಹಸಿರು, ಸೆರಗು ಕೂಡುವಲ್ಲಿ ಕೊಂಡಿ ಇದೆ.’ ಅದೇ ಗಂಟಿನಿಂದ ಇನ್ನೆರಡು ಸೀರೆ ಬೇರೆಯವರಿಗೂ ಹೋಗಿದ್ದವು. ಅವರು ಏನೂ ದೂರಿರಲಿಲ್ಲ. ಅವರಿಬ್ಬರಿಗೂ ಅವಳು ಅದೇ ದಿನ ಮೆಸೇಜು ಹಾಕಿದಳು.