ಬಾಡಿಗೆ ಹತ್ತು ಸೆಂಟು, ಸಾಗಣೆ ಎಂಬತ್ತು ಡಾಲರು

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಹಂಚುವ ಒಂದು ಬಳಗವಿದೆ ಎಂದುಕೊಳ್ಳೋಣ. ತಲಾ 20 ಎಂಬಿಯ 200 ಪಿಡಿಎಫ್‌ಗಳು ಅಮೆಜಾನ್‌ನ ಎಸ್3 ಸೇವೆಯಲ್ಲಿ, ಅಮೆರಿಕದ ವರ್ಜೀನಿಯಾದ ಒಂದು ಸಾರ್ವಜನಿಕ ಬಕೆಟ್‌ನಲ್ಲಿವೆ. ವಿಳಾಸ ಗೊತ್ತಿದ್ದವರು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಈ 4 ಜಿಬಿಯನ್ನು ಇಡಲು ತಿಂಗಳಿಗೆ ಹತ್ತು ಸೆಂಟು ಸಾಕು.

ದುಡ್ಡು ಸೋರುವುದು ಫೈಲು ಹೊರಗೆ ಹೋಗುವಾಗ. ತಿಂಗಳಿಗೆ 50,000 ಡೌನ್‌ಲೋಡ್ ಎಂದರೆ 1,000 ಜಿಬಿ. ಮೊದಲ 100 ಜಿಬಿ ಉಚಿತ, ಉಳಿದದ್ದಕ್ಕೆ ಜಿಬಿಗೆ 9 ಸೆಂಟಿನಂತೆ 81 ಡಾಲರು.

ಜೊತೆಗೆ ಕಾಯುವಿಕೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಗಿದ್ದರೂ ಬೆಂಗಳೂರಿನಿಂದ ವರ್ಜೀನಿಯಾಕ್ಕೆ ಹೋಗಿ ಬರಲು ಸೆಕೆಂಡಿನ ಏಳನೇ ಒಂದು ಭಾಗವಾದರೂ ಬೇಕು. ಕೇಬಲ್ಲುಗಳ ಸುತ್ತುದಾರಿಯಿಂದ ಅದು ಇನ್ನೂ ಹೆಚ್ಚುತ್ತದೆ. ಸಂಪರ್ಕ ಕುದುರಿಸಲು, ಗೂಢಲಿಪಿಯ ಒಪ್ಪಂದಕ್ಕೆ, ಫೈಲು ಕೇಳಲು ಒಂದೊಂದು ಸುತ್ತು. ಮೊದಲ ಬೈಟ್ ಬರುವಷ್ಟರಲ್ಲಿ ಅರ್ಧ ಸೆಕೆಂಡು ಕಳೆದಿರುತ್ತದೆ.

ಇಲ್ಲಿ ನೆರವಿಗೆ ಬರುವುದು ಸಿಡಿಎನ್, ಅಂದರೆ ಊರೂರಿನಲ್ಲಿ ಫೈಲಿನ ನಕಲು ಇಟ್ಟುಕೊಳ್ಳುವ ಸರ್ವರ್‌ಗಳ ಜಾಲ. ಅಮೆಜಾನ್‌ನದೇ ಕ್ಲೌಡ್‌ಫ್ರಂಟ್‌ಗೆ ಬೆಂಗಳೂರಿನಲ್ಲೂ ನೆಲೆಯಿದೆ. ಅದರಲ್ಲಿ ಹೊಸ ಡಿಸ್ಟ್ರಿಬ್ಯೂಷನ್ ತೆರೆದು, ಮೂಲವಾಗಿ ಆ ಬಕೆಟ್ಟನ್ನು ತೋರಿಸಿದರಾಯಿತು. ಮೊದಲ ಓದುಗರು ಕೇಳಿದಾಗ ಫೈಲು ವರ್ಜೀನಿಯಾದಿಂದ ಬರುತ್ತದೆ. ಮುಂದಿನವರಿಗೆ ಹತ್ತಿರದ ನಕಲೇ ಸಿಗುತ್ತದೆ. ಎಸ್3ಯಿಂದ ಕ್ಲೌಡ್‌ಫ್ರಂಟ್‌ಗೆ ಸಾಗಿಸಲು ಶುಲ್ಕವಿಲ್ಲ. ಬಳಸಿದಷ್ಟಕ್ಕೆ ಪಾವತಿಸುವ ಯೋಜನೆಯಲ್ಲಿ ಕ್ಲೌಡ್‌ಫ್ರಂಟ್‌ನಿಂದ ಓದುಗರಿಗೆ ತಿಂಗಳಿಗೆ 1 ಟಿಬಿವರೆಗೆ ಉಚಿತ. ಹೀಗೆ 81 ಡಾಲರಿನ ಬಾಬ್ತು ಸೊನ್ನೆಗೆ ಇಳಿಯುತ್ತದೆ.

ನಕಲು ನಿಜಕ್ಕೂ ಬಳಕೆಯಾಗುತ್ತಿದೆಯೇ ಎಂದು ನೋಡಲು ಒಂದು ಸಾಲು ಸಾಕು:

```
curl -I https://files.example.org/pustaka.pdf
```

ಉತ್ತರದಲ್ಲಿ `x-cache: Hit from cloudfront` ಕಂಡರೆ ಸರಿ. ಎರಡನೇ, ಮೂರನೇ ಸಲವೂ `Miss` ಎಂದೇ ಬಂದರೆ ಫೈಲಿನ `Cache-Control` ಸೂಚನೆಯನ್ನು ಪರಿಶೀಲಿಸಬೇಕು. ಅಲ್ಲಿ `no-store` ಎಂದಿದ್ದರೆ ನಕಲು ಉಳಿಯುವುದೇ ಇಲ್ಲ.

ಎಷ್ಟೋ ಸಲ ಎಲ್ಲವೂ ಸರಿಯಿದ್ದೂ ಬಿಲ್ಲು ಇಳಿಯುವುದಿಲ್ಲ. ಕಾರಣ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇನ್ನೂ ಓಡಾಡುತ್ತಿರುವ ಬಕೆಟ್‌ನ ಹಳೆಯ ನೇರ ವಿಳಾಸ. ಅದನ್ನು ಒತ್ತಿದವರಿಗೆ ಫೈಲು ವರ್ಜೀನಿಯಾದಿಂದಲೇ, ಹಳೆಯ ದರದಲ್ಲೇ ಹೋಗುತ್ತದೆ. ಬಕೆಟ್ಟಿನ ಸಾರ್ವಜನಿಕ ಬಾಗಿಲು ಮುಚ್ಚಿ ಕ್ಲೌಡ್‌ಫ್ರಂಟ್‌ಗೆ ಮಾತ್ರ ಪ್ರವೇಶ ಕೊಡುವುದೇ ಇದಕ್ಕೆ ಖಚಿತ ಪರಿಹಾರ. ಹಳೆಯ ಕೊಂಡಿಗಳು ಆಗ ಕೆಲಸ ಮಾಡುವುದಿಲ್ಲವಾದ್ದರಿಂದ ಓದುಗರಿಗೆ ಮೊದಲೇ ಹೊಸ ವಿಳಾಸ ತಿಳಿಸಬೇಕು.

ತಿದ್ದಿದ ಪುಸ್ತಕವನ್ನು ಅದೇ ಹೆಸರಿನಲ್ಲಿ ಏರಿಸಿದರೆ ಹಳೆಯ ನಕಲೇ ಒಂದು ದಿನದವರೆಗೆ ಹಂಚಿಕೆಯಾಗಬಹುದು. `pustaka-v2.pdf` ಎಂಬ ಹೊಸ ಹೆಸರು ಕೊಡುವುದು ಸುಲಭ.

ಬಳಗ ಬೆಳೆದು 1 ಟಿಬಿ ದಾಟಿದರೆ ಮಾತ್ರ ಲೆಕ್ಕ ತಿರುಗುತ್ತದೆ. ಭಾರತದ ನೆಲೆಗಳಿಂದ ಹೋಗುವ ಪ್ರತಿ ಜಿಬಿಗೆ ಕ್ಲೌಡ್‌ಫ್ರಂಟ್ ದರ ಸುಮಾರು 10.9 ಸೆಂಟು, ವರ್ಜೀನಿಯಾದ ನೇರ ದರಕ್ಕಿಂತ ಹೆಚ್ಚು. ಅಲ್ಲಿಂದ ಮುಂದೆ ಬಳಗ ಹಣ ತೆರುವುದು ವೇಗಕ್ಕಾಗಿ.