ಕ್ರಯಪತ್ರದ ಮೇಲಿನ ನೆರಳು
ಹಳೆಯ ಕ್ರಯಪತ್ರದ ಫೋಟೊದಲ್ಲಿ ಕೈಯ ನೆರಳು ಬಿದ್ದಿದೆ ಎನ್ನೋಣ. ಮೊದಲು ಹಾಳೆಯ ನಾಲ್ಕು ಮೂಲೆ ಗುರುತಿಸಿ ಓರೆ ತಿದ್ದಬೇಕು. ನೆರಳು ಹೋಗಲೆಂದು ಇಡೀ ಚಿತ್ರದ ಬೆಳಕು ಹೆಚ್ಚಿಸಿದರೆ ಉಳಿದ ಕಡೆಯ ಅಕ್ಷರ ಪೇಲವವಾಗುತ್ತದೆ. ಅದಕ್ಕಿರುವ ಒಳ್ಳೆಯ ಉಪಾಯವೇ ಬೇರೆ. ಅಕ್ಷರಗಳೆಲ್ಲ ಕರಗುವಷ್ಟು ಚಿತ್ರದ ಪ್ರತಿಯೊಂದನ್ನು ಮಸುಕು ಮಾಡಿದರೆ ಕಾಗದದ ಬೆಳಕು, ನೆರಳು ಮಾತ್ರ ಉಳಿಯುತ್ತದೆ. ಮೂಲ ಚಿತ್ರವನ್ನು ಅದರಿಂದ ಭಾಗಿಸಬೇಕು. ಬೆಳಕಿದ್ದಲ್ಲಿ ಕಾಗದದ ಹೊಳಪು 200, ಶಾಯಿಯದು 50. ನೆರಳಲ್ಲಿ 100 ಮತ್ತು 25 ಇದ್ದರೆ, ಭಾಗಿಸಿದಾಗ ಎರಡೂ ಕಡೆ ಕಾಗದ ಒಂದು, ಶಾಯಿ ಕಾಲು. ನೆರಳು ಮಾಯ!

ಅಂಚು ಚೂಪು ಮಾಡುವುದು ಕೊನೆಗೆ. ಅಕ್ಷರದ ಸುತ್ತ ಬಿಳಿ ಗೆರೆ ಕಂಡರೆ ಅತಿಯಾಯಿತೆಂದೇ ಅರ್ಥ. ಕೈ ಅಲುಗಿ ಕದಡಿದ ಅಕ್ಷರ ಇದರಿಂದ ಸರಿಹೋಗದು, ಮತ್ತೆ ಫೋಟೊ ತೆಗೆಯಬೇಕು. ಬರೀ ಕಪ್ಪು-ಬಿಳುಪಿಗೆ ಇಳಿಸಿದರೆ ಮಾಸಿದ ಮೊಹರು ಅಳಿಸಿಹೋಗಬಹುದು. ಕ್ರಯಪತ್ರವನ್ನು ಬಣ್ಣದಲ್ಲೇ ಇಟ್ಟುಕೊಳ್ಳಿ.